‘ಗೆ’, ‘ಕ್ಕೆ’, ‘ಇಗೆ’: ನಿಯಂತ್ರಣ ಇರುವುದು ಪ್ರತ್ಯಯದಲ್ಲೋ, ಪ್ರಕೃತಿಯಲ್ಲೋ?

ಪ್ರಶ್ನೆ: ಸರ್, ನಾನು ಉಡುಪಿಯಲ್ಲಿ ಬಿ.ಎ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಇಂಟರ್ನಲ್ ಪರೀಕ್ಷೆಯಲ್ಲಿ ಚತುರ್ಥಿಯ ಉಪಾಕೃತಿಗಳನ್ನು ಗುರುತಿಸಿ, ಅವುಗಳ ನಿಯಂತ್ರಣ ಧ್ವನಿಯದೋ ಆಕೃತಿಮಾದ್ದೋ ತಿಳಿಸಿ ಅಂತ ಇತ್ತು. ನಾನು ‘ಧ್ವನಿ ನಿಯಂತ್ರಿತ’ ಎಂದು ಬರೆದೆ, ನನ್ನ ಗೆಳತಿ ‘ಆಕೃತಿಮಾ ನಿಯಂತ್ರಿತ’ ಎಂದು ಬರೆದಳು. ಇಬ್ಬರಿಗೂ ಅರ್ಧ ಅಂಕವೇ ಬಂತು. ಯಾವುದು ಸರಿ? ಅಭ್ಯಾಸಕ್ಕೆ ಕೆಲವು ಲೆಕ್ಕ ಕೊಟ್ಟು, ಉತ್ತರ ಹೇಗೆ ಬರೆಯಬೇಕು ಅಂತಲೂ ತೋರಿಸಿಕೊಡ್ತೀರಾ?

ಉತ್ತರ: ಅರ್ಧ ಅಂಕ ಕೊಟ್ಟವರು ನ್ಯಾಯವಾಗಿಯೇ ಕೊಟ್ಟಿದ್ದಾರೆ, ಯಾಕೆಂದರೆ ಇಬ್ಬರೂ ಅರ್ಧ ಅರ್ಧ ಸರಿ. ‘ರಾಮನಿಗೆ’, ‘ಮರಕ್ಕೆ’, ‘ಊರಿಗೆ’ ಎನ್ನುವಾಗ ರೂಪ ಬದಲಾಗುವ ಜಾಗ ಒಂದಲ್ಲ, ಎರಡು. ಪ್ರತ್ಯಯ ಒಂದು ಕಾರಣಕ್ಕೆ ಬದಲಾಗುತ್ತದೆ, ಅದರ ಹಿಂದಿನ ಪ್ರಕೃತಿ ಇನ್ನೊಂದು ಕಾರಣಕ್ಕೆ. ನೀವು ಒಂದು ಜಾಗ ನೋಡಿದಿರಿ, ನಿಮ್ಮ ಗೆಳತಿ ಇನ್ನೊಂದನ್ನು. ಎರಡನ್ನೂ ಬೇರ್ಪಡಿಸಿ ನೋಡುವುದಕ್ಕೆ ಕೆಳಗಿನ ಲೆಕ್ಕಗಳನ್ನು ಹೊಂದಿಸಿದ್ದೇನೆ. ಪ್ರತಿಯೊಂದೂ ಹಿಂದಿನದರ ಉತ್ತರವನ್ನು ಸ್ವಲ್ಪ ಕೆಡಿಸುತ್ತದೆ, ಹಾಗಾಗಿ ಕ್ರಮ ತಪ್ಪಿಸದೆ ಮಾಡಿ.

ಎರಡು ಮಾತಿನಲ್ಲಿ ಪರಿಭಾಷೆ. ಅರ್ಥವುಳ್ಳ ಅತಿ ಚಿಕ್ಕ ಭಾಷಾ ಘಟಕವೇ ಆಕೃತಿಮಾ. ಅರ್ಥ ಒಂದೇ ಇದ್ದು, ಒಂದು ಬರುವಲ್ಲಿ ಇನ್ನೊಂದು ಬಾರದಂತೆ ಜಾಗ ಹಂಚಿಕೊಂಡಿರುವ ರೂಪಗಳು ಒಂದೇ ಆಕೃತಿಮಾದ ಉಪಾಕೃತಿಗಳು. ಈ ಹಂಚಿಕೆಯನ್ನು ಪಕ್ಕದ ಧ್ವನಿಯ ಹೆಸರು ಹೇಳಿಯೇ ಪೂರ್ತಿ ವಿವರಿಸಲು ಸಾಧ್ಯವಾದರೆ ಅದು ಧ್ವನಿ ನಿಯಂತ್ರಣ. ಲಿಂಗ, ಪದವರ್ಗ, ಅಥವಾ ‘ಇಂಥಿಂಥ ಪದಗಳು’ ಎಂಬ ಪಟ್ಟಿ ಬೇಕಾಯಿತೆಂದರೆ ಅದು ಆಕೃತಿಮಾ ನಿಯಂತ್ರಣ.

ಲೆಕ್ಕ 1

ಕೆಳಗಿನ ಊರಿನ ಹೆಸರುಗಳಲ್ಲಿ ಚತುರ್ಥಿಯ ಉಪಾಕೃತಿಗಳನ್ನು ಗುರುತಿಸಿ, ಪರಿಸರ ತಿಳಿಸಿ.

ಕಾರ್ಕಳ – ಕಾರ್ಕಳಕ್ಕೆ
ಸುಳ್ಯ – ಸುಳ್ಯಕ್ಕೆ
ಕುಂದಾಪುರ – ಕುಂದಾಪುರಕ್ಕೆ
ಉಡುಪಿ – ಉಡುಪಿಗೆ
ಹೆಬ್ರಿ – ಹೆಬ್ರಿಗೆ
ಮಲ್ಪೆ – ಮಲ್ಪೆಗೆ
ಮೂಡುಬಿದಿರೆ – ಮೂಡುಬಿದಿರೆಗೆ
ಪುತ್ತೂರು – ಪುತ್ತೂರಿಗೆ
ಬೈಂದೂರು – ಬೈಂದೂರಿಗೆ

ಮಾದರಿ ಉತ್ತರ: ಚತುರ್ಥಿಗೆ ಇಲ್ಲಿ ಮೂರು ಉಪಾಕೃತಿಗಳಿವೆ: ‘ಕ್ಕೆ’, ‘ಗೆ’, ‘ಇಗೆ’. ಅಕಾರದ ಮುಂದೆ ‘ಕ್ಕೆ’ ಬರುತ್ತದೆ. ಇಕಾರ, ಎಕಾರಗಳ ಮುಂದೆ ‘ಗೆ’ ಬರುತ್ತದೆ. ‘ಪುತ್ತೂರು’ ಪದದ ಕೊನೆಯ ಉಕಾರ ಪ್ರತ್ಯಯ ಸೇರುವಾಗ ನಿಲ್ಲುವುದಿಲ್ಲ, ಆದ್ದರಿಂದ ಪ್ರತ್ಯಯಕ್ಕೆ ಕಾಣುವುದು ‘ಪುತ್ತೂರ್’ ಎಂಬ ವ್ಯಂಜನಾಂತ ರೂಪ. ಹಾಗೆ ವ್ಯಂಜನದ ಮುಂದೆ ‘ಇಗೆ’ ಬರುತ್ತದೆ. ಮೂರೂ ಪರಿಪೂರಕ ಹಂಚಿಕೆಯಲ್ಲಿವೆ, ಎಂದರೆ ಒಂದು ಬರುವಲ್ಲಿ ಇನ್ನೊಂದು ಬರುವುದಿಲ್ಲ. ಪರಿಸರವನ್ನು ಧ್ವನಿಯಿಂದಲೇ ಹೇಳಬಹುದು, ಆದ್ದರಿಂದ ಧ್ವನಿ ನಿಯಂತ್ರಿತ.

ಈ ಲೆಕ್ಕದಲ್ಲಿ ಹೆಚ್ಚಿನವರು ಜಾರುವುದು ಒಂದೇ ಕಡೆ, ಅದು ಲಿಪಿಯಿಂದಾಗುವ ಎಡವಟ್ಟು. ‘ಕಾರ್ಕಳ’ ಎಂದು ಬರೆದಾಗ ಕಣ್ಣಿಗೆ ಬೀಳುವುದು ಳಕಾರ, ಅದರೊಳಗಿನ ಅಕಾರಕ್ಕೆ ಬೇರೆ ಗುರುತಿಲ್ಲ. ಹಾಗಾಗಿ ‘ಳ, ಯ, ರ ಅಕ್ಷರಗಳ ಮುಂದೆ ಕ್ಕೆ’ ಎಂದು ಬರೆಯುವವರಿದ್ದಾರೆ. ಅದು ಸರಿಯಾಗಿದ್ದರೆ ‘ಪುತ್ತೂರು’ ಪದದ ರಕಾರದ ಮುಂದೆಯೂ ‘ಕ್ಕೆ’ ಬರಬೇಕಿತ್ತು. ಧ್ವನಿಯ ಲೆಕ್ಕ ಮಾಡುವಾಗ ಪದವನ್ನು ಮೊದಲು ಬಿಡಿಸಿಕೊಳ್ಳಿ: ಕ್-ಆ-ರ್-ಕ್-ಅ-ಳ್-ಅ. ಆಗ ಕೊನೆಯಲ್ಲಿ ಏನಿದೆ ಎಂಬುದು ತಾನಾಗಿ ಕಾಣುತ್ತದೆ.

ಇನ್ನೊಂದು ಮಾತು, ಎರಡನೇ ವರ್ಷದವರಿಗೆ ಸ್ವಲ್ಪ ಮೇಲಿನದಾದರೂ ಹೇಳಿಬಿಡುತ್ತೇನೆ. ‘ಧ್ವನಿ ನಿಯಂತ್ರಿತ’ ಎಂದಾಕ್ಷಣ ‘ಬಾಯಿಗೆ ಸುಲಭವಾಗಲಿ ಅಂತ ಹೀಗಾಯಿತು’ ಎಂದು ಸೇರಿಸಬೇಡಿ. ಅಕಾರದ ಮುಂದೆ ‘ಗೆ’ ಎನ್ನುವುದು ಕನ್ನಡದ ಬಾಯಿಗೆ ಕಷ್ಟವೇನಲ್ಲ. ಬಗೆ, ಹಗೆ, ನಗೆ ಎಂದು ದಿನವೂ ಹೇಳುತ್ತೇವೆ. ‘ಕಾರ್ಕಳಗೆ’ ಎಂಬ ರೂಪ ತಪ್ಪಾಗಿರುವುದು ಈ ಒಂದು ಪ್ರತ್ಯಯದ ಸ್ವಂತ ನಿಯಮದಿಂದ, ಇಡೀ ಭಾಷೆಯ ಧ್ವನಿನಿಯಮದಿಂದಲ್ಲ. ಪರಿಸರ ಧ್ವನಿಯದ್ದು, ನಿಯಮ ಪ್ರತ್ಯಯದ್ದು. ತಾನಾಗಿ ಆಗುವ ಧ್ವನಿಬದಲಾವಣೆ ಹೇಗಿರುತ್ತದೆ ಎಂಬುದಕ್ಕೆ ಮುಂದಿನ ಲೆಕ್ಕದಲ್ಲಿ ಒಂದು ಉದಾಹರಣೆ ಸಿಗುತ್ತದೆ.

ಲೆಕ್ಕ 2

ಮೇಲಿನ ನಿಯಮ ಈ ಪದಗಳಿಗೂ ಸಾಕೇ? ಸಾಲದಿದ್ದರೆ ಏನು ಸೇರಿಸಬೇಕು?

ಪ್ರಕಾಶ (ಬೆಳಕು) – ಪ್ರಕಾಶಕ್ಕೆ
ಪ್ರಕಾಶ (ಹುಡುಗನ ಹೆಸರು) – ಪ್ರಕಾಶನಿಗೆ
ವಸಂತ (ಋತು) – ವಸಂತಕ್ಕೆ
ವಸಂತ (ಹುಡುಗನ ಹೆಸರು) – ವಸಂತನಿಗೆ
ಅಕ್ಕ – ಅಕ್ಕನಿಗೆ
ಅಮ್ಮ – ಅಮ್ಮನಿಗೆ
ಹುಡುಗಿ – ಹುಡುಗಿಗೆ
ಮಾಣಿ – ಮಾಣಿಗೆ

ಮೊದಲ ಲೆಕ್ಕದಲ್ಲಿ ನಾನು ಬೇಕೆಂದೇ ಊರಿನ ಹೆಸರುಗಳನ್ನು ಮಾತ್ರ ಕೊಟ್ಟಿದ್ದೆ. ಊರುಗಳೆಲ್ಲ ನಪುಂಸಕ, ಹಾಗಾಗಿ ಲಿಂಗ ಎನ್ನುವುದು ಆಟದೊಳಗೆ ಬರಲೇ ಇಲ್ಲ. ದತ್ತಾಂಶ ಒಂದೇ ಬಗೆಯದ್ದಾದಾಗ ಆಕೃತಿಮಾ ನಿಯಂತ್ರಣ ಅಡಗಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ನಿಮಗೆ ಬಂದ ಪಟ್ಟಿಯಲ್ಲೂ ‘ಮರ, ಮನೆ, ಊರು’ಗಳೇ ಹೆಚ್ಚಿದ್ದವೋ ಏನೋ.

‘ಪ್ರಕಾಶ’ದ ಜೋಡಿ ಈ ಲೆಕ್ಕದ ಜೀವ. ಎರಡು ಪದಗಳ ಧ್ವನಿ ಮೊದಲಿನಿಂದ ಕೊನೆಯವರೆಗೆ ಒಂದೇ, ಆದರೆ ಚತುರ್ಥಿ ಬೇರೆ ಬೇರೆ. ಧ್ವನಿ ಒಂದೇ ಇದ್ದು ರೂಪ ಬೇರೆಯಾಯಿತೆಂದರೆ, ರೂಪವನ್ನು ಆರಿಸಿದ್ದು ಧ್ವನಿ ಆಗಿರಲು ಸಾಧ್ಯವಿಲ್ಲ. ಆಕೃತಿಮಾ ನಿಯಂತ್ರಣ ಇದೆ ಎಂದು ತೋರಿಸಲು ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ. ಉತ್ತರಪತ್ರಿಕೆಯಲ್ಲಿ ಹತ್ತು ಉದಾಹರಣೆ ಬರೆಯುವ ಬದಲು ಇಂಥ ಒಂದು ಜೋಡಿ ಬರೆಯಿರಿ.

ಮಾದರಿ ಉತ್ತರ: ಸಾಲದು. ಅಕಾರಾಂತ ಪದಗಳು ಎರಡು ಗುಂಪಾಗಿ ಒಡೆಯುತ್ತವೆ. ನಪುಂಸಕಗಳಿಗೆ ‘ಕ್ಕೆ’; ವ್ಯಕ್ತಿವಾಚಕ ವರ್ಗದವುಗಳಿಗೆ, ಗಂಡಾಗಲಿ ಹೆಣ್ಣಾಗಲಿ, ‘ನಿಗೆ’. ಇಕಾರಾಂತ ಪದಗಳಲ್ಲಿ ಈ ಒಡಕಿಲ್ಲ: ಉಡುಪಿಗೂ ಹುಡುಗಿಗೂ ಮಾಣಿಗೂ ‘ಗೆ’ ಒಂದೇ. ಆದ್ದರಿಂದ ಇಲ್ಲಿ ಧ್ವನಿಯ ಷರತ್ತೂ ಇದೆ, ಪದವರ್ಗದ ಷರತ್ತೂ ಇದೆ.

ಈ ಉತ್ತರಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಆದರೂ ‘ನಿಗೆ’ ಎಂಬ ನಾಲ್ಕನೇ ಉಪಾಕೃತಿಯನ್ನು ಸುಮ್ಮನೆ ಒಪ್ಪಿಕೊಳ್ಳುವ ಮೊದಲು ನಕಾರ ಯಾರದು ಎಂದು ಕೇಳಬೇಕು. ಪ್ರಕಾಶನ, ಪ್ರಕಾಶನನ್ನು, ಪ್ರಕಾಶನಲ್ಲಿ, ಪ್ರಕಾಶನಿಂದ – ನಕಾರ ಎಲ್ಲ ವಿಭಕ್ತಿಗಳಲ್ಲೂ ಇದೆ. ಚತುರ್ಥಿಗೆ ಮಾತ್ರ ಅಂಟಿದ್ದಾಗಿದ್ದರೆ ಬೇರೆ ಕಡೆ ಅದು ಕಾಣುತ್ತಿರಲಿಲ್ಲ. ಹಾಗಾದರೆ ಅದು ಪ್ರಕೃತಿಯ ಕಡೆಯದು. ‘ಪ್ರಕಾಶ’ ಎಂಬ ಹೆಸರಿಗೆ ಎರಡು ರೂಪ: ಪ್ರಥಮೆಯಲ್ಲಿ ‘ಪ್ರಕಾಶ’, ಪ್ರತ್ಯಯ ಹತ್ತುವಾಗ ‘ಪ್ರಕಾಶನ್’. ಈಗ ಚತುರ್ಥಿಯನ್ನು ಹತ್ತಿಸಿ ನೋಡಿ. ‘ಪ್ರಕಾಶನ್’ ವ್ಯಂಜನಾಂತ, ವ್ಯಂಜನದ ಮುಂದೆ ‘ಇಗೆ’ ಬರಬೇಕು ಎಂದು ಮೊದಲ ಲೆಕ್ಕದಲ್ಲೇ ಹೇಳಿದ್ದೇವೆ. ಪ್ರಕಾಶನ್ + ಇಗೆ = ಪ್ರಕಾಶನಿಗೆ. ನಾಲ್ಕನೇ ಉಪಾಕೃತಿ ಬೇಕಾಗಲೇ ಇಲ್ಲ. ಮೊದಲ ಲೆಕ್ಕದ ನಿಯಮ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಬದಲಾದದ್ದು ಪ್ರಕೃತಿ, ಮತ್ತು ಅದನ್ನು ಬದಲಾಯಿಸಿದ್ದು ಪದವರ್ಗ. ಶಾಲೆಯ ವ್ಯಾಕರಣದಲ್ಲಿ ಇದನ್ನೇ ನಕಾರ ಆಗಮ ಎಂದು ಕಲಿತಿದ್ದೀರಿ. ಆಗಮ ಯಾರ ಕಡೆಗೆ ಸೇರಿದ್ದು ಎಂಬ ಪ್ರಶ್ನೆಯನ್ನು ಮಾತ್ರ ಅಲ್ಲಿ ಕೇಳಿರಲಿಲ್ಲ.

ನಕಾರ ಪ್ರಕೃತಿಯದ್ದೇ ಎಂಬುದಕ್ಕೆ ನಮ್ಮ ಸುತ್ತಮುತ್ತಲೇ ಇನ್ನೊಂದು ಸಾಕ್ಷಿ ಉಂಟು. ಪುತ್ತೂರು, ಸುಳ್ಯ ಕಡೆಯ ಹವ್ಯಕರ ಮನೆಮಾತಿನಲ್ಲಿ ‘ರಾಮಂಗೆ’, ‘ಅವಂಗೆ’ ಎನ್ನುತ್ತಾರೆ. ಹಳಗನ್ನಡದಲ್ಲೂ ‘ರಾಮಂಗೆ’ ಎಂಬ ರೂಪವೇ ಇತ್ತು. ಅಲ್ಲಿ ‘ರಾಮನ್’ ಎಂಬುದಕ್ಕೆ ನಡುವೆ ಇಕಾರವಿಲ್ಲದೆ ನೇರವಾಗಿ ‘ಗೆ’ ಹತ್ತಿದೆ. ಬರೆಯುವಾಗ ಸೊನ್ನೆ ಹಾಕುವುದರಿಂದ ಏನಾಗಿದೆ ಎಂದು ಕಾಣುವುದಿಲ್ಲ, ಆದರೆ ನಿಧಾನವಾಗಿ ಹೇಳಿ ನೋಡಿ: ನಾಲಗೆಯ ತುದಿ ಹಲ್ಲಿನ ಕಡೆ ಹೋಗುವುದೇ ಇಲ್ಲ, ಗಕಾರಕ್ಕೆ ಬೇಕಾದಂತೆ ನಾಲಗೆಯ ಹಿಂಭಾಗ ಮೊದಲೇ ಎದ್ದಿರುತ್ತದೆ. ನ್ ಎಂಬುದು ಙ್ ಆಗಿದೆ. ಇದು ತಾನಾಗಿ ಆಗುವ ಧ್ವನಿಬದಲಾವಣೆ. ಕವರ್ಗದ ಹಿಂದೆ ನಕಾರ ಬಂದರೆ ಸಾಮಾನ್ಯವಾಗಿ ಹೀಗೇ ಆಗುತ್ತದೆ. ಚತುರ್ಥಿಗೂ ಇದಕ್ಕೂ ವಿಶೇಷ ಸಂಬಂಧವಿಲ್ಲ. ‘ಕಾರ್ಕಳಕ್ಕೆ’ಯಲ್ಲಿನ ‘ಕ್ಕೆ’ಗೂ ‘ರಾಮಂಗೆ’ಯ ಙಕಾರಕ್ಕೂ ‘ಧ್ವನಿ ನಿಯಂತ್ರಿತ’ ಎಂಬ ಒಂದೇ ಹೆಸರು ಇದ್ದರೂ ಎರಡರ ಜಾತಿ ಬೇರೆ.

‘ವ್ಯಕ್ತಿವಾಚಕ ವರ್ಗ’ ಎಂದೆನಲ್ಲ, ಅದರ ಬಗ್ಗೆ ಒಂದು ಅನುಮಾನ ಬರಬೇಕು: ಇದು ಬರೀ ಅರ್ಥದ ವಿಷಯವಲ್ಲವೇ, ವ್ಯಾಕರಣಕ್ಕೆ ಯಾಕೆ ಜಮೆ ಮಾಡುವುದು? ನಮ್ಮೂರಿನ ಮಾತಿನಲ್ಲೇ ಪರೀಕ್ಷಿಸಬಹುದು. ‘ದೈವಕ್ಕೆ ಕೋಲ ಕೊಡುವುದು’ ಎನ್ನುತ್ತೇವೆ, ‘ದೈವನಿಗೆ’ ಎನ್ನುವುದಿಲ್ಲ. ನುಡಿ ಕೊಡುವ, ಮುನಿಯುವ, ಕಾಯುವ ದೈವಕ್ಕಿಂತ ಹೆಚ್ಚು ವ್ಯಕ್ತಿತ್ವ ಯಾರಿಗುಂಟು? ಆದರೂ ಪದ ನಪುಂಸಕ, ‘ದೈವ ನುಡಿಯಿತು’. ಅದೇ ದೈವದ ಹೆಸರು ಹೇಳಿ ನೋಡಿ: ‘ಗುಳಿಗನಿಗೆ’. ‘ಗುಳಿಗಕ್ಕೆ’ ಎಂದು ಯಾರೂ ಹೇಳುವುದಿಲ್ಲ. ಎದುರಿಗೆ ನಿಂತಿರುವುದು ಒಂದೇ, ಪದ ಬದಲಾದ ಕೂಡಲೇ ವರ್ಗ ಬದಲಾಯಿತು. ‘ಪಂಜುರ್ಲಿ’ ಎಂದಿರೋ, ಇಕಾರಾಂತವಾದ್ದರಿಂದ ವರ್ಗ ಯಾವುದೆಂದು ಚತುರ್ಥಿ ಬಾಯಿ ಬಿಡುವುದಿಲ್ಲ, ‘ಪಂಜುರ್ಲಿಗೆ’ ಅಷ್ಟೆ. ಹೀಗೆಯೇ ‘ಜನ’ ಎಂದರೆ ಮನುಷ್ಯರೇ, ಆದರೆ ‘ಜನಕ್ಕೆ’. ‘ಸೂರ್ಯ’ ಮನುಷ್ಯನಲ್ಲ, ಆದರೆ ‘ಸೂರ್ಯನಿಗೆ’. ಅರ್ಥ ದಾರಿ ತೋರಿಸುತ್ತದೆ, ಹೌದು. ಆದರೆ ಕೊನೆಯ ತೀರ್ಮಾನ ಪದ ಯಾವ ವರ್ಗಕ್ಕೆ ಸೇರಿದೆ ಎಂಬುದರದ್ದು. ಆದ್ದರಿಂದ ಇದನ್ನು ಆಕೃತಿಮಾ ನಿಯಂತ್ರಣ ಎನ್ನುವುದೇ ಸರಿ.

ನಿಮಗೆ ನಂಬಿಕೆ ಬರದಿದ್ದರೆ ಹಾಸ್ಟೆಲಿನಲ್ಲಿ ಒಂದು ಪ್ರಯೋಗ ಮಾಡಿ. ಇಲ್ಲದ ಪದ ಒಂದನ್ನು ಹುಟ್ಟಿಸಿ, ‘ಗಬಿಳಿ’ ಅನ್ನಿ. ಇದಕ್ಕೆ ಚತುರ್ಥಿ ಹಚ್ಚು ಎಂದರೆ ಯಾರೂ ಯೋಚಿಸದೆ ‘ಗಬಿಳಿಗೆ’ ಎನ್ನುತ್ತಾರೆ. ಈಗ ‘ಗಬಿಳ’ ಎನ್ನಿ. ‘ಅದು ಊರೋ, ಮನುಷ್ಯನೋ?’ ಎಂಬ ಮರುಪ್ರಶ್ನೆ ಬರಬೇಕು. ಊರೆಂದರೆ ಗಬಿಳಕ್ಕೆ, ಅಡ್ಡಹೆಸರೆಂದರೆ ಗಬಿಳನಿಗೆ. ಕೇಳದೆ ಹೇಳಬಹುದಾದದ್ದು ಧ್ವನಿಯ ಪಾಲು, ಕೇಳಿಯೇ ಹೇಳಬೇಕಾದದ್ದು ವರ್ಗದ ಪಾಲು.

ಲೆಕ್ಕ 3

ಕೆಳಗಿನ ಜೋಡಿಗಳನ್ನು ವಿವರಿಸಿ.

ಊರು – ಊರಿಗೆ. ನೂರು – ನೂರಕ್ಕೆ
ಕಾರು – ಕಾರಿಗೆ. ಆರು – ಆರಕ್ಕೆ
ಎತ್ತು – ಎತ್ತಿಗೆ. ಹತ್ತು – ಹತ್ತಕ್ಕೆ
ಗಂಟು – ಗಂಟಿಗೆ. ಎಂಟು – ಎಂಟಕ್ಕೆ
ಸದ್ದು – ಸದ್ದಿಗೆ. ಮಾಡಿದ್ದು – ಮಾಡಿದ್ದಕ್ಕೆ
ಸಾವಿರ – ಸಾವಿರಕ್ಕೆ. ಕೋಟಿ – ಕೋಟಿಗೆ

‘ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ’ ಎಂದು ಹೇಳುತ್ತಲೇ ಬೆಳೆದವರಿಗೆ ಇದರಲ್ಲೇನೂ ವಿಚಿತ್ರ ಕಾಣುವುದಿಲ್ಲ. ಆದರೆ ಪ್ರಾಸದ ಜೋಡಿಗಳಾಗಿ ಎದುರುಬದುರು ಇಟ್ಟಾಗ ಗೊತ್ತಾಗುತ್ತದೆ: ‘ಊರು’, ‘ನೂರು’ ಇವುಗಳ ಕೊನೆಯ ಭಾಗದಲ್ಲಿ ಕಿಂಚಿತ್ತೂ ವ್ಯತ್ಯಾಸವಿಲ್ಲ. ಎರಡೂ ನಪುಂಸಕ. ಲೆಕ್ಕ 2ರ ವರ್ಗವೂ ಇಲ್ಲಿ ಕೈಹಿಡಿಯುವುದಿಲ್ಲ.

ಮಾದರಿ ಉತ್ತರ: ಬಲಗಡೆಯ ಉಕಾರಾಂತ ಪದಗಳು ಸಂಖ್ಯಾವಾಚಕಗಳು, ಅಥವಾ ‘ಅದು’ ಎಂಬ ಸರ್ವನಾಮದ ಜಾತಿಯವು (ಅದು, ಇದು, ಯಾವುದು, ಒಳ್ಳೆಯದು, ಮಾಡಿದ್ದು). ಈ ವರ್ಗದ ಪದಗಳಿಗೆ ಪ್ರತ್ಯಯ ಹತ್ತುವಾಗ ಪ್ರಕೃತಿ ಅಕಾರಾಂತವಾಗುತ್ತದೆ: ನೂರ-, ಆರ-, ಹತ್ತ-, ಅದ-. ಅಕಾರದ ಮುಂದೆ ‘ಕ್ಕೆ’ ಎಂಬ ಮೊದಲಿನ ನಿಯಮದಂತೆ ನೂರಕ್ಕೆ, ಅದಕ್ಕೆ ಎಂದಾಗುತ್ತದೆ. ಪ್ರಕೃತಿಯ ಬದಲಾವಣೆ ಆಕೃತಿಮಾ ನಿಯಂತ್ರಿತ, ಪ್ರತ್ಯಯದ್ದು ಧ್ವನಿ ನಿಯಂತ್ರಿತ. ಸಾವಿರ, ಕೋಟಿಗಳು ಸಂಖ್ಯೆಗಳೇ ಆದರೂ ಉಕಾರಾಂತವಲ್ಲ, ಆದ್ದರಿಂದ ಅವುಗಳ ಪ್ರಕೃತಿಯಲ್ಲಿ ಬದಲಾವಣೆಯಿಲ್ಲ.

ಶಾಲೆಯ ಪಟ್ಟಿಯಲ್ಲಿ ಚತುರ್ಥಿಗೆ ‘ಗೆ, ಇಗೆ, ಕ್ಕೆ, ಅಕ್ಕೆ’ ಎಂದು ನಾಲ್ಕು ಇರುತ್ತಿತ್ತು. ‘ಅಕ್ಕೆ’ಯನ್ನು ಪ್ರತ್ಯೇಕ ಉಪಾಕೃತಿ ಎಂದು ಇಟ್ಟುಕೊಂಡು, ನೂರ್ + ಅಕ್ಕೆ ಎಂದು ಬಿಡಿಸಿದರೆ ತಪ್ಪೇ? ತಪ್ಪೆಂದು ಅಂಕ ಕಳೆಯುವಂಥದ್ದಲ್ಲ. ಆದರೆ ಷಷ್ಠಿ, ಸಪ್ತಮಿಗಳನ್ನು ಪಕ್ಕದಲ್ಲಿಟ್ಟು ನೋಡಿ. ಊರಿನ, ಊರಿನಲ್ಲಿ, ಆದರೆ ನೂರರ, ನೂರರಲ್ಲಿ, ಅದರ, ಅದರಲ್ಲಿ. ಅದೇ ಎರಡು ಗುಂಪು ಇಲ್ಲಿಯೂ ಅದೇ ಗೆರೆಯಲ್ಲಿ ಒಡೆದಿವೆ, ಅದೇ ಅಕಾರ ಇಲ್ಲಿಯೂ ಇದೆ. ‘ಅಕ್ಕೆ’ ದಾರಿ ಹಿಡಿದವರು ಚತುರ್ಥಿಗೊಮ್ಮೆ, ಷಷ್ಠಿಗೊಮ್ಮೆ, ಸಪ್ತಮಿಗೊಮ್ಮೆ ‘ಸಂಖ್ಯೆಗಳಿಗೆ ಹೀಗೆ’ ಎಂದು ಬರೆಯುತ್ತಾ ಹೋಗಬೇಕು. ‘ನೂರ-’ ದಾರಿ ಹಿಡಿದವರು ಒಮ್ಮೆ ಹೇಳಿ ಮುಗಿಸುತ್ತಾರೆ. ಅಂಗಡಿಯಲ್ಲಿ ಪ್ರತಿ ಸಾಮಾನಿಗೂ ಬೇರೆ ಬಿಲ್ಲು ಮಾಡಿಸುವುದಕ್ಕೂ ಒಂದೇ ಬಿಲ್ಲಿಗೂ ಇರುವ ವ್ಯತ್ಯಾಸ ಇದು.

ಈ ವಾದಕ್ಕೊಂದು ಮಿತಿಯೂ ಇದೆ. ದ್ವಿತೀಯೆಯಲ್ಲಿ ‘ಊರನ್ನು’, ‘ನೂರನ್ನು’ ಎರಡೂ ಒಂದೇ ಥರ. ಪ್ರತ್ಯಯವೇ ಅಕಾರದಿಂದ ಆರಂಭವಾಗುವುದರಿಂದ ಪ್ರಕೃತಿಯ ಅಕಾರ ಇದೆಯೋ ಇಲ್ಲವೋ ಹೇಳಲಾಗುವುದಿಲ್ಲ. ಇದು ವಾದಕ್ಕೆ ವಿರುದ್ಧವಲ್ಲ, ಪರವೂ ಅಲ್ಲ. ಸಾಕ್ಷಿ ಹೇಳಲಾರದ ಉದಾಹರಣೆಯನ್ನು ಸಾಕ್ಷಿ ಎಂದು ಬರೆಯಬೇಡಿ, ಅಷ್ಟೆ.

ಲೆಕ್ಕ 4

‘ಊರಿಗೆ’ಯಲ್ಲಿ ಉಕಾರ ಹೋಯಿತು, ‘ಗುರುವಿಗೆ’ಯಲ್ಲಿ ಉಳಿಯಿತು. ಯಾಕೆ?

ಕಾಲು – ಕಾಲಿಗೆ. ಕಣ್ಣು – ಕಣ್ಣಿಗೆ. ಬೆರಳು – ಬೆರಳಿಗೆ
ಹಸು – ಹಸುವಿಗೆ. ಮಗು – ಮಗುವಿಗೆ. ಗುರು – ಗುರುವಿಗೆ
ಕಂತು – ಕಂತಿಗೆ. ಜಂತು – ಜಂತುವಿಗೆ
ಸುಸ್ತು – ಸುಸ್ತಿಗೆ. ವಸ್ತು – ವಸ್ತುವಿಗೆ

ಮಾದರಿ ಉತ್ತರ: ಮೊದಲ ಎರಡು ಸಾಲುಗಳನ್ನು ಧ್ವನಿಯಿಂದ ವಿವರಿಸಬಹುದು. ಪದ ಎರಡೇ ಅಕ್ಷರದ್ದಾಗಿ, ಮೊದಲಿನದು ಹ್ರಸ್ವವಾಗಿ, ನಡುವೆ ಒಂದೇ ವ್ಯಂಜನವಿದ್ದರೆ ಉಕಾರ ಉಳಿಯುತ್ತದೆ. ಮೊದಲಿನದು ದೀರ್ಘವಾದರೆ, ಒತ್ತಕ್ಷರ ಬಂದರೆ, ಅಥವಾ ಪದ ಉದ್ದವಾದರೆ ಉಕಾರ ಹೋಗುತ್ತದೆ. ಉಳಿದ ಉಕಾರದ ಮುಂದೆ ‘ಇಗೆ’ಯೇ ಬರುತ್ತದೆ, ಎರಡು ಸ್ವರಗಳ ನಡುವೆ ವಕಾರ ಬರುತ್ತದೆ. ಕೊನೆಯ ಎರಡು ಸಾಲುಗಳನ್ನು ಹೀಗೆ ವಿವರಿಸಲಾಗದು. ಜಂತು, ವಸ್ತು ಸಂಸ್ಕೃತದ ಉಕಾರಾಂತಗಳು, ಉಕಾರ ಪದದ ಅಂಗ. ಕಂತು, ಸುಸ್ತುಗಳ ಉಕಾರ ಹಾಗಲ್ಲ. ಯಾವ ಪದ ಯಾವ ಗುಂಪಿನದು ಎಂಬುದನ್ನು ಪದದ ಜೊತೆಗೇ ಹೇಳಬೇಕಾಗುತ್ತದೆ.

ಹಿನ್ನೆಲೆ ಇಷ್ಟೇ: ಹಳಗನ್ನಡದಲ್ಲಿ ಊರ್, ಕಾಲ್, ಕಣ್ ಎಂದು ವ್ಯಂಜನಾಂತವಾಗಿದ್ದ ಪದಗಳಿಗೆ ಮುಂದೆ ಉಕಾರ ಸೇರಿತು. ಅದು ಪದದ ಕೊನೆಗೆ ಆಸರೆಯಾಗಿ ಬಂದ ಸ್ವರ, ಹಾಗಾಗಿ ಪ್ರತ್ಯಯ ಬಂದಾಗ ಜಾಗ ಬಿಟ್ಟುಕೊಡುತ್ತದೆ. ತುಳು ಬಲ್ಲವರಿಗೆ ಈ ಭೇದ ಕಿವಿಗೇ ಕೇಳುತ್ತದೆ, ಯಾಕೆಂದರೆ ತುಳುವಿನಲ್ಲಿ ತುಟಿ ದುಂಡಗಾಗದ ಅರೆ ಉಕಾರ ಬೇರೆ, ಪೂರ್ಣ ಉಕಾರ ಬೇರೆ. ‘ಕುಡ್ಲಗ್’ ಎನ್ನುವಾಗಿನ ಕೊನೆಯ ಸ್ವರಕ್ಕೂ ‘ಊರುಗು’ ಎನ್ನುವಾಗಿನದಕ್ಕೂ ಗಮನ ಕೊಟ್ಟು ನೋಡಿ. ಪ್ರತ್ಯಯ ಒಂದೇ, ಹಿಂದೆ ಉಕಾರ ಇದ್ದ ಕಡೆ ಅದರ ಸ್ವರವೂ ದುಂಡಗಾಗಿದೆ. ತುಳುವಿನ ಚತುರ್ಥಿಯದ್ದೇ ಬೇರೆ ಲೆಕ್ಕ ಮಾಡಬಹುದು, ಇಲ್ಲಿ ಬೇಡ.

ಕನ್ನಡದಲ್ಲಿ ನಮ್ಮ ಕಾಪು ಎಂಬ ಊರಿನ ಹೆಸರು ಒಂದು ಒಗಟು. ಮೊದಲ ಸ್ವರ ದೀರ್ಘ, ‘ಸೋಪು – ಸೋಪಿಗೆ’ ಹಾಗೆ ‘ಕಾಪಿಗೆ’ ಆಗಬೇಕು. ಆದರೆ ಪತ್ರಿಕೆಯಲ್ಲಿ ಓದುವುದು ‘ಕಾಪುವಿಗೆ’, ‘ಕಾಪುವಿನಲ್ಲಿ’. ಇದನ್ನು ಜಂತು, ವಸ್ತುಗಳ ಜೊತೆ ಪಟ್ಟಿಯಲ್ಲಿ ಸೇರಿಸಿ. ಬಲವಂತವಾಗಿ ಧ್ವನಿಯ ಕಾರಣ ಹುಡುಕಬೇಡಿ.

ಲೆಕ್ಕ 5

ನನಗೆ, ನಿನಗೆ, ತನಗೆ, ನಮಗೆ, ನಿಮಗೆ, ತಮಗೆ – ಇವು ನಿಯಮಕ್ಕೆ ಹೊಂದುತ್ತವೆಯೇ?

ಮಾದರಿ ಉತ್ತರ: ಇಲ್ಲ. ಅಕಾರದ ಮುಂದೆ ‘ಕ್ಕೆ’ ಬರಬೇಕಿತ್ತು, ‘ಗೆ’ ಬಂದಿದೆ. ನಾನು, ನೀನು, ತಾನು ಮತ್ತು ಅವುಗಳ ಬಹುವಚನ, ಒಟ್ಟು ಆರು ಪದಗಳಿಗೆ ಮಾತ್ರ ಇದು ಅನ್ವಯಿಸುತ್ತದೆ. ಹಾಗಾಗಿ ಇಲ್ಲಿ ಪ್ರತ್ಯಯದ ಆಯ್ಕೆಯೇ ಆಕೃತಿಮಾ ನಿಯಂತ್ರಿತ.

ಇದನ್ನೂ ಪ್ರಕೃತಿಯ ಮೇಲೆ ಹಾಕಿ ಜಾರಿಕೊಳ್ಳಲು ಸಾಧ್ಯವಿಲ್ಲವೇ ಎಂದು ನೀವು ಕೇಳಬಹುದು. ಪ್ರಕೃತಿ ‘ನನ್’ ಎಂದರೆ ವ್ಯಂಜನಾಂತವಾಗಿ ‘ನನಿಗೆ’ ಎಂದಾಗಬೇಕು, ಆಗುವುದಿಲ್ಲ. ‘ನನ’ ಎಂದರೆ ‘ನನಕ್ಕೆ’ ಎಂದಾಗಬೇಕು, ಅದೂ ಇಲ್ಲ. ಪ್ರಕೃತಿಯನ್ನು ಹೇಗೆ ಕತ್ತರಿಸಿದರೂ ಪ್ರತ್ಯಯ ಹಟ ಬಿಡುವುದಿಲ್ಲ. ಮೊದಲ ಲೆಕ್ಕದಲ್ಲಿ ‘ಅಕಾರದ ಮುಂದೆ ಗೆ ಎನ್ನುವುದು ಬಾಯಿಗೆ ಕಷ್ಟವಲ್ಲ’ ಎಂದೆನಲ್ಲ, ಅದಕ್ಕೆ ಚತುರ್ಥಿಯೊಳಗಿನದ್ದೇ ಸಾಕ್ಷಿ ಈ ಆರು ಪದಗಳು.

ಬಿಡಿ ತೊಡಕುಗಳು ಇನ್ನೂ ಎರಡಿವೆ. ‘ಸುರತ್ಕಲ್’ ಎಂಬಂಥ ವ್ಯಂಜನಾಂತ ಹೆಸರುಗಳಿಗೆ ‘ಸುರತ್ಕಲ್ಲಿಗೆ’ಯೂ ಉಂಟು, ‘ಸುರತ್ಕಲ್‌ಗೆ’ಯೂ ಉಂಟು, ಬಸ್ಸಿಗೆ, ಬಸ್‌ಗೆ ಹಾಗೆಯೇ. ‘ಗೋವಾ’ಕ್ಕೂ ಎರಡು ರೂಪ, ಗೋವಾಕ್ಕೆ, ಗೋವಾಗೆ. ಒಬ್ಬರೇ ಒಂದೇ ದಿನ ಎರಡನ್ನೂ ಹೇಳುವಾಗ ಅದು ಪರಿಪೂರಕ ಹಂಚಿಕೆಯಲ್ಲ, ಐಚ್ಛಿಕ ಬಳಕೆ. ಪದದ ಕೊನೆ ಕನ್ನಡಕ್ಕೆ ಇನ್ನೂ ಪೂರ್ತಿ ಒಗ್ಗದ ಕಡೆ ಹೀಗಾಗುತ್ತದೆ.

ನಿಮ್ಮ ಪರೀಕ್ಷೆಯ ಪ್ರಶ್ನೆಗೆ ಈಗ ಉತ್ತರ ಬರೆಯುವುದಾದರೆ ಹೀಗೆ ಬರೆಯಿರಿ: ಚತುರ್ಥಿ ಪ್ರತ್ಯಯದ ಉಪಾಕೃತಿಗಳು ‘ಕ್ಕೆ’, ‘ಗೆ’, ‘ಇಗೆ’. ಅಕಾರದ ಮುಂದೆ ‘ಕ್ಕೆ’, ಇಕಾರ ಎಕಾರಗಳ ಮುಂದೆ ‘ಗೆ’, ವ್ಯಂಜನ ಮತ್ತು ಉಕಾರದ ಮುಂದೆ ‘ಇಗೆ’. ಈ ಆಯ್ಕೆ, ಆರು ಸರ್ವನಾಮಗಳನ್ನು ಬಿಟ್ಟರೆ, ಧ್ವನಿ ನಿಯಂತ್ರಿತ. ಪ್ರತ್ಯಯಕ್ಕೆ ಎದುರಾಗುವ ಪ್ರಕೃತಿ ರೂಪ (ಪ್ರಕಾಶನ್, ನೂರ) ಪದವರ್ಗವನ್ನು ಅವಲಂಬಿಸಿದೆ. ಅದು ಆಕೃತಿಮಾ ನಿಯಂತ್ರಿತ. ಇದರ ಕೆಳಗೆ ಪ್ರಕಾಶಕ್ಕೆ–ಪ್ರಕಾಶನಿಗೆ, ಊರಿಗೆ–ನೂರಕ್ಕೆ ಎಂಬ ಎರಡು ಜೋಡಿ ಬರೆದರೆ ಸಾಕು.

ಉತ್ತರ ಕೊಡದೆ ಒಂದು ಲೆಕ್ಕ ನಿಮಗೂ ನಿಮ್ಮ ಗೆಳತಿಗೂ ಬಿಡುತ್ತೇನೆ. ಕಂಬಳದ ಗದ್ದೆಯಲ್ಲಿ ‘ಕೋಣ ಓಡಿತು’ ಎನ್ನುತ್ತೇವೆ, ಕ್ರಿಯಾಪದ ನಪುಂಸಕ. ಹಾಗಿದ್ದರೆ ‘ಕೋಣಕ್ಕೆ’ ಎಂದಾಗಬೇಕು, ಹಾಗೆ ಹೇಳುವವರೂ ಇದ್ದಾರೆ. ಆದರೆ ಗಾದೆಯಲ್ಲಿರುವುದು ‘ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ’. ನಕಾರ ಬರಿಸುವ ವರ್ಗ ಮತ್ತು ಕ್ರಿಯಾಪದಕ್ಕೆ ಹೊಂದುವ ಲಿಂಗ ಎರಡೂ ಒಂದೇ ಎಂದು ನಾವು ಲೆಕ್ಕ 2ರಲ್ಲಿ ಭಾವಿಸಿಕೊಂಡದ್ದು ಇಲ್ಲಿ ನಿಲ್ಲುತ್ತದೆಯೇ? ಮೊಲ, ಬಸವ ಎಂಬ ಎರಡು ಪದಗಳನ್ನೂ ಪಕ್ಕದಲ್ಲಿಟ್ಟುಕೊಂಡು, ನಿಮ್ಮ ಮನೆಯ ಹಿರಿಯರು ಏನು ಹೇಳುತ್ತಾರೆಂದು ಕೇಳಿ ಬರೆದುಕೊಂಡು ಪ್ರಯತ್ನಿಸಿ. ಕೇಳುವಾಗ ‘ಕೋಣಕ್ಕೋ ಕೋಣನಿಗೋ’ ಎಂದು ನೇರವಾಗಿ ಕೇಳಬೇಡಿ. ಹುಲ್ಲು ಯಾರಿಗೆ ಹಾಕಿದ್ದು ಎಂದು ಕೇಳಿ.